ಬೆರಳ ತುದಿಯಲ್ಲಿ: ದೋಸೆ ಮುಗಿಯದ ರೀಲು

ನಮ್ಮ ಅತ್ತಿಗೆ ಪುಣೆಗೆ ಬಂದು ಹದಿನೈದು ವರ್ಷವಾಯಿತು. ಊರು ಸಾಗರದ ಹತ್ತಿರ. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲೇ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಮೊದಲು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು ಸಾಕಾಗುತ್ತಿತ್ತು. ಈಗ ಅಲ್ಲೇ ಇನ್ನೂ ನಾಲ್ಕು ಜನ ಮಾರುವವರಿದ್ದಾರೆ. ಹಾಗಾಗಿ ಅವರು ರೀಲು ಮಾಡಲು ಶುರು ಮಾಡಿದರು. ಒಂದು ಭಾನುವಾರ ಫೋನು ಬಂತು.

"ನೀನು ಕಂಪ್ಯೂಟರಿನವನಲ್ವಾ ಮಾರಾಯಾ, ಸ್ವಲ್ಪ ನೋಡು. ಇಷ್ಟು ಕಷ್ಟಪಟ್ಟು ನೀರುದೋಸೆ ಮಾಡಿ ಹಾಕಿದ್ದೀನಿ. ಜನ ಕೊನೆಗೆ ಬರೋದೇ ಇಲ್ಲ, ಅಷ್ಟರಲ್ಲೇ ಮೇಲೆ ತಳ್ತಾರೆ."

ನಾನು ದಿನವಿಡೀ ಡೇಟಾ ಪೈಪ್‌ಲೈನ್ ನೋಡಿಕೊಳ್ಳುವವನು. ಕ್ಯಾಮೆರಾ ನನ್ನ ಹೊಟ್ಟೆಪಾಡಲ್ಲ. ಆದರೆ 'ಕಂಪ್ಯೂಟರಿನವನು' ಅಂದ ಮೇಲೆ ಪ್ರಿಂಟರಿನಿಂದ ಹಿಡಿದು ಗೀಸರಿನವರೆಗೆ ಎಲ್ಲವೂ ನಮ್ಮ ತಲೆಗೇ ಅಲ್ಲವೇ? ರೀಲು ತೆರೆದು ನೋಡಿದೆ. ಚೆನ್ನಾಗಿಯೇ ಇತ್ತು. ಖಾಲಿ ಕಾವಲಿ, ಹಿಟ್ಟು ಹೊಯ್ಯುವುದು, ಮುಚ್ಚಳ, ಮಡಚುವುದು, ತಟ್ಟೆಗೆ ಹಾಕುವುದು. ಆಮೇಲೆ ಕಪ್ಪು ಪರದೆಯ ಮೇಲೆ ಎರಡು ಸೆಕೆಂಡು: "ಧನ್ಯವಾದಗಳು, ಮತ್ತೆ ಸಿಗೋಣ, ಫಾಲೋ ಮಾಡಿ."

ತೊಂದರೆ ಇದ್ದದ್ದು ಆ ಎರಡು ಸೆಕೆಂಡಿನಲ್ಲಿ. ಸಭೆಯಲ್ಲಿ ವಂದನಾರ್ಪಣೆಗೆ ಒಬ್ಬರು ಎದ್ದು ನಿಂತ ತಕ್ಷಣ ಹಿಂದಿನ ಸಾಲಿನವರು ಚಪ್ಪಲಿ ಹುಡುಕುತ್ತಾರಲ್ಲ, ಹಾಗೆಯೇ ಇದು. ಮುಗಿಯಿತು ಅನ್ನುವ ಸೂಚನೆ ಕಂಡರೆ ಬೆರಳು ತಾನಾಗಿಯೇ ಮೇಲೆ ಹೋಗುತ್ತದೆ. ಇನ್‌ಸ್ಟಾಗ್ರಾಮಿನ ರೀಲಾಗಲಿ ಯೂಟ್ಯೂಬಿನ ಶಾರ್ಟ್ ಆಗಲಿ, ಮುಗಿದ ಮೇಲೆ ನಿಲ್ಲುವುದಿಲ್ಲ. ನೋಡುವವರು ತಳ್ಳುವವರೆಗೆ ಮತ್ತೆ ಮೊದಲಿನಿಂದ ಓಡುತ್ತದೆ. ಆ ಓಟದ ಬಾಗಿಲಲ್ಲೇ ನಾವು ಒಂದು ಕಪ್ಪು ಗೋಡೆ ಕಟ್ಟಿ, 'ಹೋಗಿ ಬನ್ನಿ' ಎಂದು ಬರೆದಿದ್ದೆವು.

ಈ ಸಲದ ಅಂಕಣ ಆ ಗೋಡೆ ಒಡೆದ ಕಥೆ. ಕೊನೆಯ ಫ್ರೇಮು ಮೊದಲ ಫ್ರೇಮಿಗೆ ಹೋಗಿ ಸೇರುವ ಹಾಗೆ ವಿಡಿಯೋ ಮಾಡುವುದಕ್ಕೆ ಲೂಪ್ ಎನ್ನುತ್ತಾರೆ. ಹೇಳಲು ಸುಲಭ. ನಮಗೆ ಮೂರು ಭಾನುವಾರ ಬೇಕಾಯಿತು.

ಅದಕ್ಕೂ ಮೊದಲು ಇದರಿಂದ ಸಿಗುವುದೇನು ಎಂದು ನೋಡೋಣ. ಇನ್‌ಸ್ಟಾಗ್ರಾಮಿನಲ್ಲಿ ಒಂದು ರೀಲಿನ ಒಟ್ಟು ವೀಕ್ಷಣಾ ಸಮಯಕ್ಕೆ ಮರುಪ್ರದರ್ಶನದ ಸೆಕೆಂಡುಗಳೂ ಸೇರುತ್ತವೆ. ಆ ಒಟ್ಟನ್ನು ಭಾಗಿಸುವುದು ಮೊದಲ ಪ್ರದರ್ಶನಗಳ ಸಂಖ್ಯೆಯಿಂದ ಮಾತ್ರ. ಅಂದರೆ ಒಬ್ಬರು ಎರಡು ಸಲ ನೋಡಿದರೆ ಮೇಲಿನ ಸಂಖ್ಯೆ ಬೆಳೆಯುತ್ತದೆ, ಕೆಳಗಿನದು ಬೆಳೆಯುವುದಿಲ್ಲ. ಹಾಗಾಗಿ 15 ಸೆಕೆಂಡಿನ ರೀಲಿಗೆ ಸರಾಸರಿ 18 ಸೆಕೆಂಡು ಬಂದರೂ ಆಶ್ಚರ್ಯವಿಲ್ಲ. ಯೂಟ್ಯೂಬ್ ಶಾರ್ಟ್ಸಿನಲ್ಲೂ ಇದೇ ಕಾರಣಕ್ಕೆ ಸರಾಸರಿ ವೀಕ್ಷಣೆ ನೂರು ಶೇಕಡಾ ದಾಟುವುದುಂಟು.

ಇದು ಎಷ್ಟು ದೊಡ್ಡ ಲಾಭ ಎಂದು ಅತ್ತಿಗೆ ಕೇಳಿದಾಗ, ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕಾಲ್ಪನಿಕ ಲೆಕ್ಕ ಹಾಕಿ ತೋರಿಸಿದೆ. 15 ಸೆಕೆಂಡಿನ ರೀಲನ್ನು ನೂರು ಜನ ನೋಡುತ್ತಾರೆ ಎಂದಿಟ್ಟುಕೊಳ್ಳಿ. 40 ಜನ ಎರಡೇ ಸೆಕೆಂಡಿಗೆ ಹೋದರು: 80 ಸೆಕೆಂಡು. 40 ಜನ ಕಪ್ಪು ಪರದೆ ಕಂಡೊಡನೆ, 13ನೇ ಸೆಕೆಂಡಿಗೆ ಹೋದರು: 520. ಉಳಿದ 20 ಜನ ಪೂರ್ತಿ ನೋಡಿ ಹೋದರು: 300. ಒಟ್ಟು 900, ಸರಾಸರಿ 9 ಸೆಕೆಂಡು. ಈಗ ಗೋಡೆ ಒಡೆದೆವು. ಆ 60 ಜನರೂ ಪೂರ್ತಿ ನೋಡುತ್ತಾರೆ, ಅವರಲ್ಲಿ 20 ಜನ ಗೊತ್ತಿಲ್ಲದೆಯೇ ಎರಡನೇ ಸುತ್ತಿನ 7 ಸೆಕೆಂಡು ನೋಡುತ್ತಾರೆ. ಸರಾಸರಿ 11.2ಕ್ಕೆ ಏರುತ್ತದೆ.

ಅದೇ ಹಾಳೆಯಲ್ಲಿ ಇನ್ನೊಂದು ಸಾಲನ್ನೂ ಬರೆದೆ. ಎರಡು ಸೆಕೆಂಡಿಗೆ ಓಡಿಹೋದ 40 ಜನರಲ್ಲಿ 20 ಜನರನ್ನು ಕೊನೆಯವರೆಗೆ ಕೂರಿಸಿದರೆ ಸರಾಸರಿ 13.8 ಆಗುತ್ತದೆ. ಅಂದರೆ ಕೊನೆಯನ್ನು ಸರಿಪಡಿಸುವುದಕ್ಕಿಂತ ಆರಂಭವನ್ನು ಸರಿಪಡಿಸಿದರೆ ಲಾಭ ಹೆಚ್ಚು. ಆದರೆ ಲೂಪ್ ಮಾಡಹೊರಟರೆ ಕೊನೆಯನ್ನು ಮಾತ್ರ ಮುಟ್ಟಲು ಆಗುವುದಿಲ್ಲ, ಆರಂಭವನ್ನೂ ಮುಟ್ಟಲೇಬೇಕು. ಒಂದೇ ಫ್ರೇಮು ಹೊಸಬರನ್ನು ಹಿಡಿದು ನಿಲ್ಲಿಸಬೇಕು, ಹಳಬರಿಗೆ ಮುಂದುವರಿಕೆಯಂತೆಯೂ ಕಾಣಬೇಕು. ನಮ್ಮ ಕೆಲಸವೆಲ್ಲ ಇದ್ದದ್ದು ಆ ಒಂದು ಫ್ರೇಮನ್ನು ಹುಡುಕುವುದರಲ್ಲಿ.

ಮೊದಲ ಭಾನುವಾರ ಎಲ್ಲರಿಗೂ ಹೊಳೆಯುವುದೇ ನಮಗೂ ಹೊಳೆಯಿತು. ನೀರುದೋಸೆಯ ಕೆಲಸವೇ ಒಂದು ಚಕ್ರ. ಖಾಲಿ ಕಾವಲಿಯಿಂದ ಶುರುವಾಗಿ, ದೋಸೆ ತೆಗೆದಾಗ ಮತ್ತೆ ಖಾಲಿ ಕಾವಲಿಗೇ ಬರುತ್ತದೆ. ಹಾಗಾದರೆ ಖಾಲಿ ಕಾವಲಿಯಿಂದ ಶುರು ಮಾಡಿ ಖಾಲಿ ಕಾವಲಿಯಲ್ಲಿ ಮುಗಿಸಿದರಾಯಿತು! ಕಪ್ಪು ಪರದೆ ಕಿತ್ತು ಹಾಕಿ, ಹಾಗೆಯೇ ಮಾಡಿ ನೋಡಿದೆವು. ಎರಡು ತಪ್ಪು ಕಂಡವು.

ಒಂದು, ಕೀಲು ಕಣ್ಣಿಗೆ ಹೊಡೆಯುತ್ತಿತ್ತು. ಆರಂಭದ ಖಾಲಿ ಕಾವಲಿಯನ್ನು ತೆಗೆದದ್ದು ಒಂದು ಹೊತ್ತಿನಲ್ಲಿ, ಕೊನೆಯದನ್ನು ಇನ್ನೊಂದು ಹೊತ್ತಿನಲ್ಲಿ. ನಡುವೆ ಕಿಟಕಿಯಾಚೆ ಮೋಡ ಬಂದು ಹೋಗಿತ್ತು, ಅತ್ತಿಗೆಯ ಮೊಣಕೈ ತಾಗಿ ಸ್ಟ್ಯಾಂಡು ಬೆರಳಗಲ ಸರಿದಿತ್ತು, ಕಾವಲಿಯ ಮೇಲಿನ ಎಣ್ಣೆಯ ಹೊಳಪು ಬೇರೆಯಾಗಿತ್ತು. ಪಕ್ಕದ ತಟ್ಟೆಯಂತೂ ನಗೆಪಾಟಲು: ಕೊನೆಯಲ್ಲಿ ನಾಲ್ಕು ದೋಸೆ, ಸುತ್ತು ತಿರುಗಿದೊಡನೆ ಮೂರು. ಅಣ್ಣ ನೋಡಿ, "ಒಂದು ನಾನು ತಿಂದೆ ಅಂತ ಕೆಳಗೆ ಬರೆದುಬಿಡಿ" ಅಂದ.

ಎರಡನೆಯದು ಇನ್ನೂ ಮುಖ್ಯವಾದ ತಪ್ಪು. ಕೀಲು ಎಷ್ಟೇ ನಯವಾಗಿದ್ದರೂ ಖಾಲಿ ಕಾವಲಿ ಎನ್ನುವುದೇ ಒಂದು ವಿರಾಮ. ದೋಸೆ ತಟ್ಟೆಗೆ ಬಿತ್ತು, ಕೆಲಸ ಮುಗಿಯಿತು, ಕಣ್ಣಿಗೆ ನೋಡಲು ಏನೂ ಉಳಿಯಲಿಲ್ಲ. ಕಪ್ಪು ಪರದೆ ಬಾಯಿಬಿಟ್ಟು ಹೇಳುತ್ತಿದ್ದುದನ್ನು ಖಾಲಿ ಕಾವಲಿ ಮೌನವಾಗಿ ಹೇಳುತ್ತಿತ್ತು. ಇನ್ನೊಂದು ಕಡೆ, ಹೊಸದಾಗಿ ಬಂದವರಿಗೆ ಮೊದಲು ಕಾಣುವುದೂ ಅದೇ ಖಾಲಿ ಕಾವಲಿ. ಅದನ್ನು ನೋಡಲು ಯಾರು ನಿಲ್ಲುತ್ತಾರೆ?

ಎರಡನೇ ಭಾನುವಾರ ನಾನು ಜಾಣತನ ಮಾಡಲು ಹೋದೆ. ಮೊದಲ ಫ್ರೇಮನ್ನೇ ನಕಲು ಮಾಡಿ ಕೊನೆಗೆ ಅಂಟಿಸಿದೆ. ಎರಡೂ ತುದಿ ಒಂದೇ ಆದರೆ ಹೊಂದಲೇಬೇಕಲ್ಲ? ಹೊಂದಿತು, ಆದರೆ ಬಿಕ್ಕಳಿಸಿತು. ಎಡಿಟಿಂಗ್ ಆ್ಯಪಿನಲ್ಲಿ ನಿಶ್ಚಲ ಚಿತ್ರವಾಗಿ ಸೇರಿಸಿದ ಆ ಫ್ರೇಮು ಅರ್ಧ ಸೆಕೆಂಡು ಅಲುಗದೆ ನಿಂತಿತ್ತು, ಮೇಲೆದ್ದ ಹಬೆ ಗಾಳಿಯಲ್ಲೇ ಗಟ್ಟಿಯಾದಂತೆ. ಅದನ್ನು ಒಂದೇ ಫ್ರೇಮಿಗೆ ಕತ್ತರಿಸಿದರೂ ಒಂದೇ ಚಿತ್ರ ಎರಡು ಸಲ ಬರುತ್ತದೆ. ನಿಜವಾಗಿ ಬೇಕಾದದ್ದು ಕೊನೆಯ ಫ್ರೇಮು ಮೊದಲ ಫ್ರೇಮಿನಂತೆಯೇ ಇರುವುದಲ್ಲ. ಮೊದಲ ಫ್ರೇಮಿಗಿಂತ ಒಂದು ಹೆಜ್ಜೆ ಹಿಂದಿನ ಕ್ಷಣವಾಗಿರುವುದು. ಗಡಿಯಾರದಲ್ಲಿ ಹನ್ನೆರಡರ ಹಿಂದೆ ಇನ್ನೊಂದು ಹನ್ನೆರಡು ಇರುವುದಿಲ್ಲ, ಹನ್ನೊಂದು ಇರುತ್ತದೆ.

ಆ ಮಾತು ಹೊಳೆದ ಮೇಲೆ ಉಪಾಯವೂ ಹೊಳೆಯಿತು. ಎರಡು ಬೇರೆ ತುದಿಗಳನ್ನು ಹೊಂದಿಸುವ ಗೋಜೇ ಬೇಡ. ಒಂದು ಕಾಗದವನ್ನು ಹರಿದರೆ ಆ ಎರಡು ಅಂಚುಗಳು ತಾವಾಗಿಯೇ ಹೊಂದುತ್ತವೆ; ಯಾಕೆಂದರೆ ಅವು ಮೊದಲು ಒಂದೇ ಆಗಿದ್ದವು. ಹಾಗೆಯೇ ಒಂದೇ ಅಖಂಡ ಶಾಟನ್ನು ನಡುವೆ ಕತ್ತರಿಸಿ, ಅದರ ಹಿಂದಿನ ಅರ್ಧವನ್ನು ರೀಲಿನ ಆರಂಭಕ್ಕೂ ಮುಂದಿನ ಅರ್ಧವನ್ನು ರೀಲಿನ ಕೊನೆಗೂ ಇಟ್ಟರೆ? ಗೋಡೆಗೆ, ನೆಲಕ್ಕೆ ಹಾಸುವ ಚಿತ್ರದ ವಿನ್ಯಾಸ ಮಾಡುವವರು ಅಂಚು ಕಾಣದಂತೆ ಮಾಡಲು ಇದನ್ನೇ ಮಾಡುತ್ತಾರೆ. ಅಂಚಿನಲ್ಲಿರುವ ಕೀಲನ್ನು ನಡುವಿಗೆ ಸರಿಸಿ, ಅಲ್ಲಿ ಸರಿಪಡಿಸುತ್ತಾರೆ.

ಮೂರನೇ ಭಾನುವಾರ ಹಾಗೆಯೇ ಮಾಡಿದೆವು. ಯಾರಿಗಾದರೂ ಉಪಯೋಗವಾದೀತು ಎಂದು ವಿವರವಾಗಿ ಬರೆಯುತ್ತೇನೆ.

ಮುಖ್ಯ ಶಾಟು ಒಂದೇ: ಹಿಟ್ಟು ಹೊಯ್ಯುವುದು. ನೀರುದೋಸೆಯನ್ನು ಉದ್ದಿನ ದೋಸೆಯಂತೆ ಹೊಯ್ದು ಹರಡುವುದಿಲ್ಲ. ಕಾದ ಕಾವಲಿಯ ಮೇಲೆ ತೆಳು ಹಿಟ್ಟನ್ನು ಸೌಟಿನಿಂದ ಎರಡು ಮೂರು ಸಲ ಬೀಸಿ ಹೊಯ್ಯುತ್ತಾರೆ, ಬಿದ್ದಲ್ಲೇ ಜಾಲರಿಯಾಗುತ್ತದೆ. ನಾವು ನಾಲ್ಕು ಸೆಕೆಂಡಿನ ಒಂದು ಶಾಟು ತೆಗೆದೆವು. ಮೊದಲ ಎರಡು ಸೆಕೆಂಡಿನಲ್ಲಿ ಖಾಲಿ ಕಾವಲಿಗೆ ಮೊದಲ ಸೌಟು ಬಿದ್ದು, ಚುಂಯ್ ಎಂಬ ಸದ್ದು ಎದ್ದು ಇಳಿಯುತ್ತದೆ. ಮುಂದಿನ ಎರಡು ಸೆಕೆಂಡಿನಲ್ಲಿ ಎರಡನೇ ಸೌಟು ಬಿದ್ದು, ಬಿಟ್ಟ ಜಾಗ ತುಂಬುತ್ತದೆ. ಎರಡನೇ ಸೌಟಿನ ಹಿಟ್ಟು ಸೌಟನ್ನು ಬಿಟ್ಟು ಕಾವಲಿಯನ್ನು ಇನ್ನೇನು ಮುಟ್ಟಬೇಕು ಅನ್ನುವ ಕ್ಷಣದಲ್ಲಿ ಕತ್ತರಿಸಿದೆವು.

ರೀಲಿನ ಜೋಡಣೆ ಹೀಗಾಯಿತು. ಆರಂಭದಲ್ಲಿ ಆ ಶಾಟಿನ ಉತ್ತರಾರ್ಧ, ಎರಡು ಸೆಕೆಂಡು. ಆಮೇಲೆ ಮುಚ್ಚಳ ಮುಚ್ಚುವುದು ಒಂದೂವರೆ ಸೆಕೆಂಡು. ಪಾತ್ರೆಯಲ್ಲಿ ಹಿಟ್ಟನ್ನು ತಳದಿಂದ ಕಲಕುವುದು ಮೂರು. ಮುಚ್ಚಳ ತೆಗೆದಾಗ ಹಬೆ ಏಳುವುದು ಎರಡು. ಸಟ್ಟುಗದಿಂದ ಅಂಚು ಎಬ್ಬಿಸಿ ಮಡಚುವುದು ಮೂರು. ದೋಸೆಯನ್ನು ಫ್ರೇಮಿನಿಂದ ಆಚೆಗೆ ಒಯ್ಯುವುದು ಒಂದೂವರೆ. ಕೊನೆಗೆ ಮುಖ್ಯ ಶಾಟಿನ ಪೂರ್ವಾರ್ಧ, ಎರಡು ಸೆಕೆಂಡು. ಒಟ್ಟು 15. ತಟ್ಟೆಯನ್ನು ಈ ಸಲ ಚಿತ್ರದಿಂದಲೇ ಹೊರಗಿಟ್ಟೆವು.

ಇದರಲ್ಲಿ ಕೀಲು ಮಾಯವಾಗಲಿಲ್ಲ, ಜಾಗ ಬದಲಿಸಿತು. ದೋಸೆ ತೆಗೆದ ಶಾಟು ಮುಗಿದು ಖಾಲಿ ಕಾವಲಿಯ ಶಾಟು ಶುರುವಾಗುವಲ್ಲಿ ಬೆಳಕು ಚೂರು ಬದಲಾಗುತ್ತದೆ, ಎಣ್ಣೆಯ ಹೊಳಪೂ ಬದಲಾಗುತ್ತದೆ. ಆದರೆ ಅದು ವಿಡಿಯೋದ ಒಳಗೆ ಬರುವ ಮಾಮೂಲಿ ಕತ್ತರಿ. ಅಂಥ ಐದಾರು ಕತ್ತರಿಗಳನ್ನು ಕಣ್ಣು ಆಗಲೇ ಒಪ್ಪಿಕೊಂಡಿರುತ್ತದೆ, ಇನ್ನೊಂದನ್ನು ಗಮನಿಸುವುದಿಲ್ಲ. ಸುತ್ತು ತಿರುಗುವ ಜಾಗದಲ್ಲಿ ಮಾತ್ರ ಕತ್ತರಿಯೇ ಇಲ್ಲ. ಅಲ್ಲಿ ಒಂದೇ ಕೈ, ಒಂದೇ ಸೌಟು, ಒಂದೇ ಬೆಳಕು. ಫೋನು ತಾನಾಗಿ ಬೆಳಕನ್ನು ಹೆಚ್ಚು ಕಡಿಮೆ ಮಾಡಿಕೊಂಡಿದ್ದರೂ ಆ ಬದಲಾವಣೆಯೂ ಅಖಂಡವಾಗಿಯೇ ಇರುತ್ತದೆ.

ಮೊದಲ ಫ್ರೇಮಿನ ಪ್ರಶ್ನೆಯೂ ಇಲ್ಲೇ ಬಗೆಹರಿಯಿತು. ಹೊಸಬರಿಗೆ ಈಗ ಮೊದಲು ಕಾಣುವುದು ಗಾಳಿಯಲ್ಲಿರುವ ಹಿಟ್ಟು, ಅರ್ಧ ಬಿದ್ದ ಜಾಲರಿ, ಮೊದಲು ಕೇಳುವುದು ಚುಂಯ್. ಅರ್ಧ ನಡೆದ ಕೆಲಸವನ್ನು ಕಂಡರೆ ಅದು ಪೂರ್ತಿಯಾಗುವುದನ್ನು ನೋಡೋಣ ಅನ್ನಿಸುತ್ತದೆ. ಕೊನೆಯಲ್ಲಿ ಮತ್ತೊಂದು ಅರ್ಧ ಕೆಲಸ ಕಾಣುತ್ತದೆ, ಅದನ್ನು ಪೂರ್ತಿ ಮಾಡುವುದು ಎರಡನೇ ಸುತ್ತು. ದೋಸೆ ಮುಗಿಯುವುದೇ ಇಲ್ಲ.

ಇನ್ನು ಸದ್ದು. ಚಿತ್ರದ ಕೀಲನ್ನು ಕಣ್ಣು ಕ್ಷಮಿಸಿದರೂ ಸದ್ದಿನ ಕೀಲನ್ನು ಕಿವಿ ಕ್ಷಮಿಸುವುದಿಲ್ಲ. ನಾನು ಮೊದಲು ಕತ್ತರಿಸಿದ್ದು ಚುಂಯ್ ಸದ್ದು ಒಂದೇ ಸಮ ಬರುತ್ತಿದ್ದ ಜಾಗದಲ್ಲಿ. ಎಡಿಟಿಂಗ್ ಆ್ಯಪಿನಲ್ಲಿ ಸರಿಯಾಗಿತ್ತು. ಅಪ್‌ಲೋಡ್ ಮಾಡಿದ ಮೇಲೆ ಸುತ್ತು ತಿರುಗುವಾಗ 'ಟಕ್' ಎಂದು ಒಂದು ಚಿಕ್ಕ ಬಿರುಕು ಕೇಳಿತು. ಕಾರಣ ಇಷ್ಟು: ಫೋನಿನ ವಿಡಿಯೋಗಳ ಸದ್ದು ಸಾಮಾನ್ಯವಾಗಿ ಎಎಸಿ ಎಂಬ ವಿಧಾನದಲ್ಲಿ ಸಂಕುಚಿತವಾಗಿರುತ್ತದೆ. ಅದು ಸದ್ದನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ತುಂಬುತ್ತದೆ. ಒಂದೊಂದು ಕಟ್ಟು ಸುಮಾರು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಕೊನೆಯ ಕಟ್ಟು ಪೂರ್ತಿ ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ, ಆರಂಭದಲ್ಲೂ ಸ್ವಲ್ಪ ಮೌನ ಸೇರುತ್ತದೆ. ಓಡಿಸುವಾಗ ಆ ಮೌನವನ್ನು ಕತ್ತರಿಸಿಹಾಕಬೇಕು, ಎಲ್ಲ ಕಡೆ ಅದು ಅಚ್ಚುಕಟ್ಟಾಗಿ ಆಗುವುದಿಲ್ಲ. ಇದನ್ನು ನಾವು ಮನೆಯಲ್ಲಿ ಕೂತು ತಪ್ಪಿಸಲಾರೆವು. ಬಚ್ಚಿಡಬಹುದು.

ಒಂದೇ ಸಮ ಬರುವ ಸದ್ದಿನ ನಡುವೆ ಚೂರು ಮೌನ ಬಂದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಮಳೆಯ ಸದ್ದು, ಫ್ಯಾನಿನ ಸದ್ದು, ಎಣ್ಣೆಯ ಸದ್ದು ಇವೆಲ್ಲ ಕೀಲಿಗೆ ಕೆಟ್ಟ ಜಾಗ. ಅದೇ ಒಂದು ಸದ್ದು ಇಳಿದು ಇನ್ನೊಂದು ಸದ್ದು ಜೋರಾಗಿ ಏಳುವ ಹೊಸ್ತಿಲಿನಲ್ಲಿ ಕತ್ತರಿಸಿದರೆ ಆ ಮೌನ ಅಲ್ಲಿ ಇರಬೇಕಾದ್ದೇ ಅನ್ನಿಸುತ್ತದೆ. ಅದಕ್ಕಾಗಿಯೇ ಮೊದಲ ಸೌಟಿನ ಸದ್ದು ಇಳಿದು ಎರಡನೆಯದು ಏಳುವ ಮುಂಚಿನ ಕ್ಷಣವನ್ನು ಆರಿಸಿದ್ದು. ಎಡಿಟಿಂಗ್ ಆ್ಯಪಿನಲ್ಲಿ ಸದ್ದಿನ ಅಲೆಯ ಚಿತ್ರ ತೆರೆದರೆ ಅದು ಕಣ್ಣಿಗೇ ಕಾಣುತ್ತದೆ: ಒಂದು ಗುಡ್ಡ ಇಳಿದು ಇನ್ನೊಂದು ಏರುವ ಕಣಿವೆ. ಅಲ್ಲಿ ಕತ್ತರಿ ಇಡಿ. ಹಾಡು ಹಾಕುವುದಾದರೆ ಲೆಕ್ಕ ಬೇರೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ನಾಲ್ಕು ಬಡಿತದ ಒಂದು ಸುತ್ತಿಗೆ ಎರಡು ಸೆಕೆಂಡು. ಹಾಗಾಗಿ 16 ಸೆಕೆಂಡಿನ ರೀಲು ಎಂಟು ಸುತ್ತಿಗೆ ಸರಿಯಾಗಿ ಕೂರುತ್ತದೆ, 15 ಸೆಕೆಂಡಿನದು ಅರ್ಧ ಸುತ್ತಿನಲ್ಲಿ ಕುಂಟುತ್ತದೆ. ಅತ್ತಿಗೆಗೆ ಹಾಡು ಬೇಡವಾಗಿತ್ತು, ಅವರಿಗೆ ಮಾತು ಬೇಕಿತ್ತು.

ಮಾತಿನ ಲೂಪು ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಕೊನೆಯ ಮಾತನ್ನು ಅರ್ಧಕ್ಕೆ ಬಿಟ್ಟು, ಮೊದಲ ಮಾತು ಅದನ್ನು ಪೂರ್ತಿ ಮಾಡುವ ಹಾಗೆ ಇಡುವುದು. ಇಂಗ್ಲಿಷಿನ ರೀಲುಗಳಲ್ಲಿ ಇದನ್ನು ತುಂಬ ನೋಡಿದ್ದೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕಟ್ಟುವುದು ಹೇಗೆ ಎಂದು ಯೋಚಿಸಿದೆವು. ನಿಯಮ ಒಂದೇ: ಮೊದಲ ವಾಕ್ಯ ತನ್ನ ಕಾಲ ಮೇಲೆ ತಾನು ನಿಲ್ಲುವ ಪೂರ್ಣ ವಾಕ್ಯವಾಗಿರಬೇಕು. ಯಾಕೆಂದರೆ ಹೊಸಬರಿಗೆ ಅದೇ ಮೊದಲು ಕೇಳುವುದು. ಕೊನೆಯ ತುಣುಕು ಅದರ ಹಿಂದೆ ಬಂದು ಅಂಟಿಕೊಳ್ಳುವಂಥದ್ದಾಗಬೇಕು. 'ಯಾಕಂದ್ರೆ', 'ಅಂದ್ರೆ', 'ಅದಕ್ಕೇ ಹೇಳೋದು' ಇಂಥ ಕೊಕ್ಕೆಗಳು ನಮ್ಮ ಮಾತಿನಲ್ಲಿ ಬೇಕಾದಷ್ಟಿವೆ. ಅತ್ತಿಗೆ ಹೇಳಿದ್ದು ಇದು:

"ನೀರುದೋಸೆ ಹಿಟ್ಟನ್ನ ಪ್ರತಿ ಸಲ ಕಲಕಿಯೇ ಹೊಯ್ಯಬೇಕು. ಮಜ್ಜಿಗೆ ಹಾಗಿರೋ ಹಿಟ್ಟು, ಸುಮ್ಮನೆ ಬಿಟ್ರೆ ಅಕ್ಕಿ ತಳ ಸೇರುತ್ತೆ. ಮೇಲಿನ ನೀರಲ್ಲಿ ಹೊಯ್ದ ದೋಸೆ ಹರಿಯುತ್ತೆ, ತಳದ್ದರಲ್ಲಿ ಹೊಯ್ದದ್ದು ದಪ್ಪ ಆಗುತ್ತೆ. ಅದಕ್ಕೇ ನಮ್ಮಮ್ಮ ಹೇಳೋದು,"

ಅಲ್ಲಿಗೆ ರೀಲು ತಿರುಗುತ್ತದೆ, "ನೀರುದೋಸೆ ಹಿಟ್ಟನ್ನ ಪ್ರತಿ ಸಲ ಕಲಕಿಯೇ ಹೊಯ್ಯಬೇಕು."

ಬರೆದಾಗ ಸರಿಯಾಗಿತ್ತು. ಹೇಳಿಸಿದಾಗ ಆಗಲಿಲ್ಲ. ಮೊದಲ ವಾಕ್ಯವನ್ನು ಅತ್ತಿಗೆ ಶುರುವಿನಲ್ಲಿ, ಸಭೆಯಲ್ಲಿ ಮಾತಾಡುವವರಂತೆ ದನಿ ಏರಿಸಿ ಹೇಳಿದ್ದರು. ಕೊನೆಯ ತುಣುಕನ್ನು ಮುಗಿಸುವ ದನಿಯಲ್ಲಿ ಇಳಿಸಿದ್ದರು. ಎರಡೂ ಸೇರಿದಾಗ ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡಿದಂತಿತ್ತು. ಮದ್ದು ಚಿತ್ರಕ್ಕೆ ಮಾಡಿದ್ದೇ. "ಅದಕ್ಕೇ ನಮ್ಮಮ್ಮ ಹೇಳೋದು, ನೀರುದೋಸೆ ಹಿಟ್ಟನ್ನ ಪ್ರತಿ ಸಲ ಕಲಕಿಯೇ ಹೊಯ್ಯಬೇಕು" ಎಂಬುದನ್ನು ಒಂದೇ ಉಸಿರಿನಲ್ಲಿ ಒಂದೇ ವಾಕ್ಯವಾಗಿ ಹೇಳಿಸಿ ರೆಕಾರ್ಡ್ ಮಾಡಿದೆವು. ಆಮೇಲೆ ಅಲ್ಪವಿರಾಮದ ಜಾಗದಲ್ಲಿ ಕತ್ತರಿಸಿ, ಹಿಂದಿನದನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಇಟ್ಟೆವು. ಅಲ್ಪವಿರಾಮದಲ್ಲಿ ನಾವು ಹೇಗೂ ಕ್ಷಣ ನಿಲ್ಲುತ್ತೇವೆ. ಸದ್ದಿನ ಆ ಚಿಕ್ಕ ಬಿರುಕು ಅದರೊಳಗೆ ಮುಳುಗಿಹೋಯಿತು.

ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಾವೇ ಮಾಡಿದ ಕೀಲು ನಮಗೆ ಎಲ್ಲಿದೆ ಎಂದು ಗೊತ್ತಿರುತ್ತದೆ, ಹಾಗಾಗಿ ಯಾವಾಗಲೂ ಕಾಣುತ್ತದೆ. ಮೊದಲು ಪೂರ್ತಿ ವಿಡಿಯೋವನ್ನು ಎರಡು ಸಲ ಬೆನ್ನುಬೆನ್ನಿಗೆ ಜೋಡಿಸಿ, ಸದ್ದು ಮುಚ್ಚಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಯಾವುದರಲ್ಲಿ ತಪ್ಪಿದೆ ಎಂದು ಬೇರೆಬೇರೆಯಾಗಿ ತಿಳಿಯುತ್ತದೆ. ನಮ್ಮ ರೀಲಿನಲ್ಲಿ ಹೀಗೆ ಇನ್ನೂ ಎರಡು ಕಳ್ಳರು ಸಿಕ್ಕರು. ಒಂದು, ಅತ್ತಿಗೆ ಅಂದಕ್ಕೆಂದು ಇಡೀ ವಿಡಿಯೋಗೆ ಹಾಕಿದ್ದ ನಿಧಾನದ ಜೂಮ್. ಕೊನೆಯಲ್ಲಿ ಕಾವಲಿ ಹತ್ತಿರ ಬಂದು, ತಿರುಗಿದೊಡನೆ ದೂರ ಹಾರುತ್ತಿತ್ತು. ಇನ್ನೊಂದು, ಕೊನೆಯಲ್ಲಿ ಉಳಿದುಹೋಗಿದ್ದ ಒಂದೇ ಒಂದು ಕಪ್ಪು ಫ್ರೇಮು. ಧ್ವನಿಯ ತುಣುಕು ಚಿತ್ರಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿದ್ದರೆ ಇದು ಬರುತ್ತದೆ. ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗವಾದರೂ ರೆಪ್ಪೆ ಹೊಡೆದಂತೆ ಕಾಣುತ್ತದೆ. ಕೆಲವು ಆ್ಯಪುಗಳು ಕೊನೆಗೆ ತಮ್ಮದೇ ಲೋಗೋದ ತುಣುಕನ್ನು ಅಂಟಿಸುತ್ತವೆ, ಅದನ್ನೂ ಅಳಿಸಬೇಕು. ಕೊನೆಯ ಪರೀಕ್ಷೆಗೆ ಗೊತ್ತಿಲ್ಲದವರೊಬ್ಬರು ಬೇಕು. ನಾವು ಫೋನನ್ನು ಅಣ್ಣನ ಕೈಗೆ ಕೊಟ್ಟು ಸುಮ್ಮನಿದ್ದೆವು. ಎರಡನೇ ಸುತ್ತಿನಲ್ಲಿ ಮುಚ್ಚಳ ಮುಚ್ಚುವಾಗ ಅವನು ತಲೆ ಎತ್ತಿ, "ಎರಡನೇ ದೋಸೆಯಾ ಇದು?" ಅಂದ. ಗೆದ್ದೆವು.

ಗೆದ್ದೆವು ಅಂದುಕೊಂಡೆವು. ರೀಲು ಹಾಕಿ ಒಂದು ವಾರದ ಮೇಲೆ ಸರಾಸರಿ ವೀಕ್ಷಣಾ ಸಮಯ ರೀಲಿನ ಉದ್ದವನ್ನೇ ದಾಟಿದ್ದನ್ನು ಹಿಗ್ಗಿನಿಂದ ತೋರಿಸಿದೆ. ಅತ್ತಿಗೆ ಕನ್ನಡಕ ಏರಿಸಿ ನೋಡಿದರು.

"ಅದೆಲ್ಲ ಸರಿ. ಸಾರಿನಪುಡಿ ಒಂದು ಪೊಟ್ಟಣಾನೂ ಹೋಗ್ಲಿಲ್ಲವಲ್ಲೋ?"

ನಾನು ಮರೆತದ್ದು ಅದು. ಆ ಕಪ್ಪು ಪರದೆಯ ಗೋಡೆ ಜನರನ್ನು ಓಡಿಸುತ್ತಿತ್ತು, ನಿಜ. ಆದರೆ ಸಾರಿನಪುಡಿ ಸಿಗುತ್ತದೆ ಎಂದು ಹೇಳುವ ಜಾಗವೂ ಅದರ ಪಕ್ಕದಲ್ಲೇ ಇತ್ತು. ಕೊನೆಯೇ ಇಲ್ಲದ ವಿಡಿಯೋದಲ್ಲಿ ಕೊನೆಯ ಮಾತಿಗೆ ಜಾಗವಿಲ್ಲ. ಲೂಪಿನ ದೊಡ್ಡ ಮಿತಿ ಇದೇ. ಕಾರ್ಯಕ್ರಮದ ಕರೆಯೋಲೆಗೆ, ದಿನಾಂಕ ಮತ್ತು ಸ್ಥಳ ನೆನಪಿಡಬೇಕಾದ ಸೂಚನೆಗೆ, ಕೊನೆಯಲ್ಲಿ ಒಂದು ನಗೆ ಸಿಡಿಯಬೇಕಾದ ಪ್ರಸಂಗಕ್ಕೆ ಇದು ಹೇಳಿಸಿದ್ದಲ್ಲ. ಅಲ್ಲಿ ನೋಡುಗರು ನಿಂತು ಉಸಿರು ತೆಗೆದುಕೊಳ್ಳಲು ಒಂದು ಕೊನೆ ಬೇಕು. ಇನ್ನು ಅಂಕಿಗಳ ವಿಷಯ. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದಾಗಲೂ ಮತ್ತೆ ಓಡಿದಾಗಲೂ ಒಂದೊಂದು ವೀಕ್ಷಣೆ ಎಂದು ಎಣಿಸುತ್ತಿದೆ. ಆದರೆ ಗಳಿಕೆಯ ಲೆಕ್ಕಕ್ಕೆ ಹಳೆಯ ರೀತಿಯ ಎಣಿಕೆಯನ್ನೇ 'ಎಂಗೇಜ್ಡ್ ವ್ಯೂಸ್' ಎಂಬ ಹೆಸರಿನಲ್ಲಿ ಉಳಿಸಿಕೊಂಡಿದೆ. ಸುತ್ತು ಹೊಡೆದು ಬಂದ ಅಂಕಿಗೆ ಎಷ್ಟು ಬೆಲೆ ಎಂಬುದಕ್ಕೆ ಇದೇ ಸಾಕ್ಷಿ.

ಮಾರುವ ಮಾತನ್ನು ಕೊನೆಯಲ್ಲಿ ಹೇಳಲಾಗದಿದ್ದರೆ ಉದ್ದಕ್ಕೂ ಇಡಬೇಕು. ಮೇಲ್ಭಾಗದಲ್ಲಿ "ಸಾರಿನಪುಡಿ, ಚಟ್ನಿಪುಡಿ: ಮೆಸೇಜ್ ಮಾಡಿ" ಎಂಬ ಒಂದು ಸಾಲನ್ನು ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಅಲುಗದಂತೆ ಇಟ್ಟೆವು. ನಡುವೆ ಮೂಡಿ ಮಾಯವಾಗುವ ಅಕ್ಷರಗಳು ಕೀಲಿನ ಮೇಲೆ ಬಂದರೆ ಲೂಪನ್ನು ಬಯಲು ಮಾಡುತ್ತವೆ. ಅಲುಗದೆ ನಿಂತದ್ದು ಮಾಡುವುದಿಲ್ಲ. ಕೆಳಗೆ ಇಡಲಿಲ್ಲ, ಅಲ್ಲಿ ಆ್ಯಪಿನದೇ ಬರಹ ಬಂದು ಮುಚ್ಚುತ್ತದೆ, ಬಲಗಡೆ ಗುಂಡಿಗಳಿರುತ್ತವೆ. ವಿವರಗಳನ್ನೆಲ್ಲ ಒಂದು ಕಮೆಂಟಿನಲ್ಲಿ ಬರೆದು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದೆವು.

ಆಮೇಲೆ ಆರ್ಡರುಗಳು ಬಂದವು. ಪ್ರವಾಹವೇನಲ್ಲ, ಅತ್ತಿಗೆಯ ಮಿಕ್ಸಿಗೆ ಕೆಲಸ ಕೊಡುವಷ್ಟು. ಅದರ ಜೊತೆ ಬಂದ ಒಂದು ಮೆಸೇಜು ಅವರಿಗೆ ಹೆಚ್ಚು ಖುಷಿ ಕೊಟ್ಟಿತು. ಹೈದರಾಬಾದಿನಲ್ಲಿರುವ ಒಬ್ಬ ಹೆಣ್ಣುಮಗಳು ಬರೆದಿದ್ದಳು: ಮೊದಲ ಸಲ ನೋಡಿದಾಗ ದೋಸೆಯ ಜಾಲರಿ ಮಾತ್ರ ಕಂಡಿತಂತೆ. ರೀಲು ತಾನಾಗಿ ತಿರುಗಿದಾಗಲೇ ಸೌಟು ಪಾತ್ರೆಯ ತಳ ಮುಟ್ಟುವುದನ್ನು ಗಮನಿಸಿದ್ದಂತೆ. ತನ್ನ ದೋಸೆ ಹರಿಯುತ್ತಿದ್ದುದು ಯಾಕೆಂದು ಆಗ ತಿಳಿಯಿತಂತೆ.

ಅತ್ತಿಗೆ ಅದನ್ನು ಓದಿ ಹೇಳಿದರು, "ನೋಡು, ಎರಡನೇ ಸಲ ನೋಡಿದವರಿಗೆ ಏನಾದ್ರೂ ಸಿಗಬೇಕು. ಇಲ್ಲದಿದ್ರೆ ಸುಮ್ಮನೆ ಅವರನ್ನ ಸುತ್ತಿಸಿದ ಹಾಗಾಯ್ತು."

ನಾನು ಆ ಮೂರು ಸೆಕೆಂಡಿನ ಕಲಕುವ ಶಾಟನ್ನು ಬೇಡ ಎಂದು ಕತ್ತರಿಸಹೊರಟಿದ್ದೆ, ಅತ್ತಿಗೆ ಬಿಟ್ಟಿರಲಿಲ್ಲ. ಮುಂದಿನ ರೀಲು ಚಟ್ನಿಪುಡಿಯದು. ಒಣಮೆಣಸು ಹುರಿಯುವಾಗ ಕೀಲು ಎಲ್ಲಿಡಬೇಕು ಎಂದು ಈಗಲೇ ಜಗಳ ಶುರುವಾಗಿದೆ.